ರಕ್ತಾಕ್ಷಿ ಸಂವತ್ಸರದ ಶನಿವಾರ: ಶಾಸನಗಳಲ್ಲಿ ಯುಗಚಕ್ರ ಮತ್ತು ಸರಳರೇಖೆಯ ಕಾಲ

ಭಾರತೀಯರ ಕಾಲಕಲ್ಪನೆ ಚಕ್ರಾಕಾರದ್ದು, ಯೆಹೂದಿ, ಕ್ರೈಸ್ತ ಹಾಗೂ ಇಸ್ಲಾಂ ಮತಗಳದು ಸರಳರೇಖೆಯದು ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಎಷ್ಟೋ ಕಾಲದಿಂದ ನೆಲೆನಿಂತಿದೆ. ಇದರ ಬೆನ್ನಿಗೇ, ಚಕ್ರವನ್ನು ನಂಬಿದವರಿಗೆ ಇತಿಹಾಸಪ್ರಜ್ಞೆ ಇರಲಿಲ್ಲ ಎಂಬ ತೀರ್ಮಾನವೂ ಬಂದುಬಿಡುತ್ತದೆ. ಪುರಾಣಗಳನ್ನಷ್ಟೇ ಮುಂದಿಟ್ಟುಕೊಂಡರೆ ಈ ಮಾತು ಒಪ್ಪಿಗೆಯಾಗುವಂತೆಯೇ ಕಾಣುತ್ತದೆ. ಆದರೆ ಘಟಪ್ರಭೆಯ ಆಸುಪಾಸಿನ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಲಿಖಿತ ಸಾಕ್ಷ್ಯಗಳನ್ನು ನೋಡಿದಾಗ ವಿಷಯ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಮೊದಲು ಪುರಾಣಗಳ ಲೆಕ್ಕವನ್ನು ನೋಡಬಹುದು. ಕಲಿಯುಗಕ್ಕೆ 4,32,000 ವರ್ಷ. ಅದರ ಇಮ್ಮಡಿ ದ್ವಾಪರ, ಮುಮ್ಮಡಿ ತ್ರೇತೆ, ನಾಲ್ಮಡಿ ಕೃತ. ನಾಲ್ಕೂ ಕೂಡಿದರೆ 43,20,000 ವರ್ಷಗಳ ಒಂದು ಮಹಾಯುಗ. ಅಂಥ ಸಾವಿರ ಮಹಾಯುಗಗಳು ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ. ಧರ್ಮವು ಕೃತಯುಗದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತು, ಯುಗಕ್ಕೊಂದರಂತೆ ಕಾಲು ಕಳೆದುಕೊಂಡು, ಕಲಿಯಲ್ಲಿ ಒಂಟಿಕಾಲಿಗೆ ಇಳಿಯುತ್ತದೆ. ಬಳಿಕ ಮತ್ತೆ ಕೃತಯುಗ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಚಕ್ರದ ಹೊರಗೆ ನಿಂತು ನೋಡುವವನಿಗೆ ಮಾತ್ರ ಇದು ಚಕ್ರ. ಕಲಿಯುಗದೊಳಗೆ ಹುಟ್ಟಿ ಸಾಯುವ ಮನುಷ್ಯನಿಗೆ ಕಾಣುವುದು ಒಂದೇ ದಿಕ್ಕಿಗೆ ಇಳಿಯುವ ಗೆರೆ. ಇಂದಿಗೂ ಪೂಜೆಯ ಆರಂಭದಲ್ಲಿ ಹೇಳುವ ಸಂಕಲ್ಪದಲ್ಲಿ ಕಲ್ಪ, ಮನ್ವಂತರಗಳ ಹೆಸರಾದ ಮೇಲೆ ಕಲಿಯುಗದ ಪ್ರಥಮಪಾದ ಎಂದೇ ಬರುತ್ತದೆ. ಒಂದು ಪಾದವೆಂದರೆ 1,08,000 ವರ್ಷ; ಕಳೆದಿರುವುದು ಐದು ಸಾವಿರ ಚಿಲ್ಲರೆ. ಆ ಗೆರೆಯ ಬಾಗು ಯಾರ ಅನುಭವಕ್ಕೂ ಬರುವಂಥದಲ್ಲ.

ಈ ಗೆರೆಯನ್ನು ಅಂಕಿಗಳಲ್ಲಿ ಅಳೆದ ಪ್ರಸಿದ್ಧ ನಿದರ್ಶನ ಐಹೊಳೆಯ ಮೇಗುಟಿ ಬಸದಿಯ ಶಾಸನ. ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಜೈನಕವಿ ರವಿಕೀರ್ತಿ ಅಲ್ಲಿ ಎರಡು ಎಣಿಕೆಗಳನ್ನು ಕೊಡುತ್ತಾನೆ: ಭಾರತಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ಕಲಿಯ ಆರಂಭ ಕ್ರಿ.ಪೂ. 3102 ಆದ್ದರಿಂದ ಮೊದಲಿನದರಲ್ಲಿ 3101 ಕಳೆದರೂ, ಎರಡನೆಯದಕ್ಕೆ 78 ಕೂಡಿದರೂ ಸಿಗುವುದು ಕ್ರಿ.ಶ. 634. ಬಿಜಾಪುರ, ಬೆಳಗಾವಿ, ಧಾರವಾಡ ಸೀಮೆಯ ಶಾಸನಗಳನ್ನು ಜೀವಮಾನವೆಲ್ಲ ಓದಿದ ಜೆ.ಎಫ್. ಫ್ಲೀಟ್ 1911ರಲ್ಲಿ ಕಲಿಶಕದ ಬಗೆಗೊಂದು ಲೇಖನ ಬರೆದು, ಈ ಆರಂಭವರ್ಷವು ಜ್ಯೋತಿಷಿಗಳು ಕ್ರಿ.ಶ. 400ರ ಸುಮಾರಿಗೆ ಗ್ರಹಗತಿಯ ಲೆಕ್ಕಕ್ಕಾಗಿ ಹಿಮ್ಮುಖವಾಗಿ ಕಟ್ಟಿದ್ದೆಂದು ವಾದಿಸಿದ. ವಾದ ಬಹುಮಟ್ಟಿಗೆ ಸರಿಯಾದದ್ದೇ. ಆದರೆ ಅಷ್ಟರಿಂದ ರವಿಕೀರ್ತಿಯ ಮಾತಿನ ಬೆಲೆ ಕುಗ್ಗುವುದಿಲ್ಲ. ಆರಂಭಬಿಂದು ಕಲ್ಪಿತವಾಗಿರಬಹುದು, ಅಲ್ಲಿಂದ ವರ್ಷಗಳನ್ನು ಒಂದರ ಮುಂದೊಂದು ಇಟ್ಟು ಎಣಿಸಿದ ಕ್ರಮ ಮಾತ್ರ ಶುದ್ಧ ಸರಳರೇಖೆಯದು. ಹಾಗೆ ನೋಡಿದರೆ ಯೆಹೂದಿಗಳ ಕ್ರಿ.ಪೂ. 3761ರ ಸೃಷ್ಟಿವರ್ಷವೂ, ಐರ್ಲೆಂಡಿನ ಬಿಷಪ್ ಅಷರ್ 17ನೇ ಶತಮಾನದಲ್ಲಿ ನಿಗದಿ ಮಾಡಿದ ಕ್ರಿ.ಪೂ. 4004ರ ಸೃಷ್ಟಿವರ್ಷವೂ ಹಿಮ್ಮುಖವಾಗಿ ಕಟ್ಟಿದವುಗಳೇ.

ಗೋಕಾಕದ ತಾಮ್ರಪಟಗಳು ಇನ್ನೂ ಕುತೂಹಲಕರ. ರಾಷ್ಟ್ರಕೂಟಾನ್ವಯದ ದೆಜ್ಜ ಮಹಾರಾಜನ ಕಾಲದಲ್ಲಿ ಸೇಂದ್ರಕ ಮನೆತನದ ಇಂದ್ರಣಂದನು ಜಂಬುಖಂಡ ಗಣದ ಆರ್ಯಣಂದಿ ಆಚಾರ್ಯರಿಗೆ ಅರ್ಹತ್ಪೂಜೆಗಾಗಿ 50 ನಿವರ್ತನ ಭೂಮಿಯನ್ನು ಬಿಟ್ಟ ದಾನಪತ್ರವಿದು. ಲಿಪಿಯನ್ನು ನೋಡಿ ವಿದ್ವಾಂಸರು ಇದನ್ನು 6–7ನೇ ಶತಮಾನಗಳಿಗೆ ಸೇರಿಸುತ್ತಾರೆ. ಇದರ ಕಾಲನಿರ್ದೇಶನ ಮೂರು ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಮೊದಲು ಈ ಅವಸರ್ಪಿಣಿ. ಅದರೊಳಗೆ 24ನೆಯ ತೀರ್ಥಂಕರ ವರ್ಧಮಾನರ ತೀರ್ಥಸಂತತಿ. ಅದರೊಳಗೆ ಆಗುಪ್ತಾಯಿಕ ರಾಜರ 845ನೆಯ ವರ್ಷ. ಜೈನರ ಅವಸರ್ಪಿಣಿ ಮತ್ತು ಉತ್ಸರ್ಪಿಣಿಗಳೂ ಚಕ್ರವೇ. ಆದರೆ ಹಿಂದೂ ಪುರಾಣಗಳಂತೆ ಅಲ್ಲಿ ಬ್ರಹ್ಮನಿಲ್ಲ, ಸೃಷ್ಟಿಯೂ ಇಲ್ಲ. ಹಾಗಿದ್ದೂ ಆ ಅಳೆಯಲಾಗದ ಚಕ್ರದಿಂದ ಇಳಿದಿಳಿದು ಬರೆಹಗಾರ ಒಂದು ಖಚಿತ ಸಂಖ್ಯೆಯಲ್ಲಿ ಕಾಲೂರುತ್ತಾನೆ. ಆಗುಪ್ತಾಯಿಕರು ಯಾರು ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಮೌರ್ಯ ಚಂದ್ರಗುಪ್ತನಿಂದ ಎಣಿಸಿದ ಶಕವೆಂಬ ಊಹೆಯುಂಟು. ಬೇರೆಡೆ ಆ ಹೆಸರು ಆಧಾರವಾಗಿ ಸಿಗದಿರುವಾಗ ಅದು ಊಹೆಯಾಗಿಯೇ ಉಳಿಯುವುದು ಲೇಸು. ಚಕ್ರದ ಹೆಸರು ಎಲ್ಲರಿಗೂ ಗೊತ್ತಿದ್ದು ಗೆರೆಯ ಮೊದಲ ಬಿಂದು ಕಳೆದುಹೋದರೆ ಕಾಲನಿರ್ಣಯ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಈ ಪಟಗಳೇ ಉದಾಹರಣೆ.

ಇದಕ್ಕೆ ಪ್ರತಿಯಾಗಿ, ಗೆರೆ ತಪ್ಪಿದಾಗ ಚಕ್ರವೇ ತಿದ್ದಿದ ಪ್ರಸಂಗವೊಂದು ಮೂಡಲಗಿ ತಾಲೂಕಿನ ಕಲ್ಲೋಳಿಯಲ್ಲಿದೆ. ಸವದತ್ತಿಯ ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳ್ವಿಕೆಯಲ್ಲಿ, ಹಗರಟಗೆಯ ಯಾದವ ಮನೆತನದ ಇಮ್ಮಡಿ ರಾಜನು ಅಲ್ಲಿ ಶಾಂತಿನಾಥ ಬಸದಿಯನ್ನು ಕಟ್ಟಿಸಿದ. ಅದರ ದಾನಶಾಸನದ ಕಾಲ: ಶಕವರ್ಷ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ವಿದ್ಯಾರ್ಥಿಗಳು ರೂಢಿಯಂತೆ 1127ಕ್ಕೆ 78 ಕೂಡಿ 1205 ಎಂದು ಬರೆದುಬಿಡುತ್ತಾರೆ. ಆದರೆ 60 ಸಂವತ್ಸರಗಳ ಆವರ್ತದಲ್ಲಿ ರಕ್ತಾಕ್ಷಿ ಎಲ್ಲಿ ಬೀಳುತ್ತದೆಂದು ನೋಡಬೇಕು. 1984ರ ಯುಗಾದಿಯಂದು ಆರಂಭವಾದದ್ದು ರಕ್ತಾಕ್ಷಿ. ಅದರಿಂದ ಹದಿಮೂರು ಆವರ್ತ, ಅಂದರೆ 780 ವರ್ಷ ಹಿಂದೆ ಸರಿದರೆ 1204. ಮರುವರ್ಷದ ಹೆಸರು ಕ್ರೋಧನ. ಹಾಗಾದರೆ ಶಾಸನದ 1127 ಎಂಬುದು ಕಳೆದ ವರ್ಷಗಳ ಲೆಕ್ಕವಲ್ಲ, ನಡೆಯುತ್ತಿದ್ದ ವರ್ಷದ ಲೆಕ್ಕ, ಕಳೆದಿದ್ದವು 1126.

ಇದನ್ನು ವಾರದಿಂದಲೂ ಪರೀಕ್ಷಿಸಬಹುದು. ಆ ಶತಮಾನದಲ್ಲಿ ಮಕರ ಸಂಕ್ರಮಣವು ಆಗಿನ ಜೂಲಿಯನ್ ಪಂಚಾಂಗದ ಡಿಸೆಂಬರ್ 25ರ ಸುಮಾರಿಗೆ ಬರುತ್ತಿತ್ತು. 1204ರ ಡಿಸೆಂಬರ್ 25 ಶನಿವಾರವೇ. ಅಮಾವಾಸ್ಯೆ ಮುಗಿದದ್ದು 23ರಂದು. ಆದ್ದರಿಂದ 25ಕ್ಕೆ ಬಿದಿಗೆ ಸರಿಹೊಂದುತ್ತದೆ. ಮರುವರ್ಷದ ಅದೇ ತಾರೀಖು ಭಾನುವಾರವಾಗುವುದರಿಂದ, ತಿಥಿಯೂ ಸರಿದುಹೋಗುವುದರಿಂದ, 1205 ಹೊಂದುವುದಿಲ್ಲ. ಸಂವತ್ಸರದ ಹೆಸರೊಂದೇ ಇದ್ದಿದ್ದರೆ ಅದು 1144ರದೋ, 1204ರದೋ, 1264ರದೋ ತಿಳಿಯುತ್ತಿರಲಿಲ್ಲ. ಶಕಸಂಖ್ಯೆಯೊಂದೇ ಇದ್ದಿದ್ದರೆ ಒಂದು ವರ್ಷದ ಸಂದೇಹ ಉಳಿಯುತ್ತಿತ್ತು. ಶಾಸನ ಬರೆದವನು ಎರಡನ್ನೂ ಕೊಟ್ಟ. ತಿಥಿ, ವಾರ, ಸಂಕ್ರಮಣಗಳನ್ನೂ ಸೇರಿಸಿದ. ಬಸದಿಗೆ ಬಿಟ್ಟ ಭೂಮಿಯ ಮೇಲೆ ನಾಳೆ ಯಾರಾದರೂ ತಕರಾರು ತೆಗೆದರೆ ದಾನದ ದಿನ ಅಲುಗದಂತಿರಬೇಕೆಂಬುದೇ ಅವನ ಎಚ್ಚರವಾಗಿದ್ದೀತು. ಚಕ್ರ ಮತ್ತು ರೇಖೆ ಇಲ್ಲಿ ಎರಡು ದರ್ಶನಗಳಾಗಿರದೆ ಒಂದೇ ದಸ್ತಾವೇಜಿನ ಎರಡು ಸಾಕ್ಷಿಗಳಾಗಿವೆ.

ಹುಕ್ಕೇರಿಗೆ ಬಂದರೆ ಇದೇ ಕಥೆ ಮತ್ತೊಂದು ದಿಕ್ಕಿನಿಂದ ತೆರೆದುಕೊಳ್ಳುತ್ತದೆ. ಅಲ್ಲಿಯ ಗುಮ್ಮಟಗಳು ಆದಿಲಶಾಹಿ ಕಾಲದವು. ಆ ಆಡಳಿತದೊಂದಿಗೆ ಬಂದ ಹಿಜರಿ ಶಕ ಒಂದೇ ಒಂದು ಘಟನೆಯಿಂದ, ಕ್ರಿ.ಶ. 622ರಲ್ಲಿ ಪೈಗಂಬರರು ಮದೀನೆಗೆ ಹೋದದ್ದರಿಂದ, ಎಣಿಸಿದ್ದು. ಸೃಷ್ಟಿಯಿಂದ ಅಂತಿಮ ತೀರ್ಪಿನ ದಿನದವರೆಗೆ ಸಾಗುವ ಗೆರೆಯ ಮೇಲಿನ ಗುರುತು ಅದು. ಆದರೆ ಅದರ ವರ್ಷ ಪೂರ್ತಿ ಚಾಂದ್ರಮಾನದ್ದು, ಸುಮಾರು 354 ದಿನಗಳದು. ನಮ್ಮ ಪಂಚಾಂಗದಂತೆ ಅಧಿಕಮಾಸದ ತಿದ್ದುಪಡಿ ಅದಕ್ಕಿಲ್ಲ. ಹೀಗಾಗಿ ವರ್ಷಾರಂಭ ಮಳೆಗಾಲದಿಂದ ಬೇಸಿಗೆಗೆ, ಬೇಸಿಗೆಯಿಂದ ಚಳಿಗಾಲಕ್ಕೆ ಹಿಂದೆ ಹಿಂದೆ ಸರಿಯುತ್ತದೆ. ಕಂದಾಯ ಮಾತ್ರ ಬೆಳೆ ಬಂದಾಗಲೇ ಬರತಕ್ಕದ್ದು. ಇದಕ್ಕಾಗಿ ದಖ್ಖನಿನಲ್ಲಿ ಬಳಕೆಗೆ ಬಂದದ್ದು ಸುಹೂರ್ ಸನ್. ಹಿಜರಿ 745ನ್ನು, ಅಂದರೆ ಕ್ರಿ.ಶ. 1344ನ್ನು, ಬುಡವಾಗಿಟ್ಟುಕೊಂಡು ಅಲ್ಲಿಂದ ಮುಂದೆ ಸೌರವರ್ಷದಂತೆ ಎಣಿಸುತ್ತಾರೆ. ಸೂರ್ಯನು ಮೃಗಶಿರೆಯನ್ನು ಹೊಕ್ಕಾಗ, ಈ ಭಾಗದ ಒಕ್ಕಲಿಗರು ಮಿರಗ ಎನ್ನುವ ಹೊತ್ತಿಗೆ, ಹೊಸ ವರ್ಷ. ಆದಿಲಶಾಹಿ ಫರ್ಮಾನುಗಳಲ್ಲೂ ಮುಂದೆ ಮರಾಠರ ಕಾಗದಗಳಲ್ಲೂ ಇದು ಕಾಣಸಿಗುತ್ತದೆ. ಸಂಖ್ಯೆಗಳನ್ನು ಅರಬ್ಬಿ ಪದಗಳಲ್ಲಿ, ಬಿಡಿ, ಹತ್ತು, ನೂರು, ಸಾವಿರ ಎಂಬ ಏರುಕ್ರಮದಲ್ಲಿ ಬರೆಯುತ್ತಾರೆ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆದಾಗ ಹಿಜರಿ 972, ಸುಹೂರ್ 965. ಒಂದೇ ಸಂಖ್ಯೆಯಿಂದ ಹೊರಟ ಎರಡು ಎಣಿಕೆಗಳು 220 ವರ್ಷಗಳಲ್ಲಿ ಏಳು ವರ್ಷ ಬೇರೆಯಾದವು. ಸುಹೂರ್ ಕಾಗದವನ್ನು ಹಿಜರಿಯೆಂದು ಓದಿ ಏಳೆಂಟು ವರ್ಷ ತಪ್ಪುವವರು ಈಗಲೂ ಇದ್ದಾರೆ.

ಹಾಗಾದರೆ ಎರಡು ಕಲ್ಪನೆಗಳ ನಡುವೆ ವ್ಯತ್ಯಾಸವೇ ಇಲ್ಲವೆ? ಇದೆ, ಆದರೆ ಅದನ್ನು ಎಣಿಕೆಯಲ್ಲಿ ಹುಡುಕಬಾರದು. ಐದನೆಯ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ತನ್ನ ‘ದೇವನಗರಿ’ಯ ಹನ್ನೆರಡನೆಯ ಭಾಗದಲ್ಲಿ, ಲೋಕ ಮರಳಿ ಮರಳಿ ಹಾಗೆಯೇ ನಡೆಯುತ್ತದೆಂಬ ಗ್ರೀಕರ ಮತವನ್ನು ಖಂಡಿಸಿದ. ಕ್ರಿಸ್ತನ ಮರಣ ಒಮ್ಮೆ ಮಾತ್ರ, ಬಿಡುಗಡೆಯೂ ಒಮ್ಮೆ ಮಾತ್ರ ಎಂಬುದು ಅವನ ವಾದದ ತಿರುಳು. ಮರಳಿ ಬಾರದ ಘಟನೆ, ಮರಳಿ ತೆರೆಯದ ತೀರ್ಪು: ಯೆಹೂದಿ, ಕ್ರೈಸ್ತ, ಇಸ್ಲಾಂ ಪರಂಪರೆಗಳ ಭಾರವೆಲ್ಲ ಇಲ್ಲಿದೆ. 1030ರ ಸುಮಾರಿಗೆ ಭಾರತದ ಬಗ್ಗೆ ಬರೆದ ಅಲ್ ಬಿರೂನಿಗೆ ಇದು ಗೊತ್ತಿತ್ತು. ಅವನು ಪರ್ಷಿಯದ ಯಜ್ದೆಗರ್ದ್ ಶಕದ 400ನೆಯ ವರ್ಷವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದು ಶಕ 953, ಕಲಿ 4132 ಎಂದು ತಡವರಿಸದೆ ಹೊಂದಿಸಿದ. ಲೆಕ್ಕ ಎರಡು ಕಡೆಯವರಿಗೂ ಒಂದೇ ಆಗಿತ್ತು. ಅವನು ಒಪ್ಪದೆ ಹೋದದ್ದು ಲೆಕ್ಕದ ಹಿಂದಿನ ನಂಬಿಕೆಯನ್ನು.

ಕನ್ನಡನಾಡಿನ ದಾನಶಾಸನಗಳ ಕೊನೆಗೆ ಮತ್ತೆ ಮತ್ತೆ ಬರುವ ಶಾಪವಾಕ್ಯ ಈ ವ್ಯತ್ಯಾಸವನ್ನು ಯಾವ ದರ್ಶನಗ್ರಂಥಕ್ಕಿಂತ ಚೆನ್ನಾಗಿ ತೋರಿಸುತ್ತದೆ. ದಾನವು ಚಂದ್ರಸೂರ್ಯರಿರುವವರೆಗೆ ನಡೆಯಲಿ ಎಂದು ಹಾರೈಸಿ, ಅದನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿರುತ್ತಾನೆಂದು ಎಚ್ಚರಿಸಲಾಗುತ್ತದೆ. ಶಿಕ್ಷೆ ದೀರ್ಘವೇ ಹೌದು. ಆದರೂ ಕಲಿಯುಗದ ಒಂದು ಪಾದಕ್ಕಿಂತ ಅದು ಚಿಕ್ಕದು, ಅದಕ್ಕೊಂದು ಕೊನೆಯ ದಿನವಿದೆ. ಅದಾದ ಮೇಲೆ ಆ ಹುಳುವಿಗೂ ಇನ್ನೊಂದು ಜನ್ಮವಿದೆ.