ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಎರಡನೆಯ ಬಾರಿಯೂ ಸೀಟು ದೊರೆಯದ ಅಭ್ಯರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ

ನೀಟ್ ಪರೀಕ್ಷೆಯಲ್ಲಿ ಮೊದಲ ಬಾರಿ ಸೀಟು ತಪ್ಪಿದಾಗ ಮನೆಯವರಿಗೆ ಹೇಳಿಕೊಳ್ಳಲು ಒಂದು ಕಾರಣವಿರುತ್ತದೆ. ಮೊದಲ ಪ್ರಯತ್ನವಾಗಿತ್ತು, ದ್ವಿತೀಯ ಪಿಯುಸಿ ಪರೀಕ್ಷೆಯೂ ಅದೇ ವರ್ಷವಿತ್ತು ಎಂದು ನೆಂಟರಿಷ್ಟರಿಗೆ ಹೇಳಬಹುದು. ಎರಡನೆಯ ಬಾರಿ ಆ ಕಾರಣ ಉಳಿಯುವುದಿಲ್ಲ. ಇಡೀ ವರ್ಷವನ್ನು ಅದಕ್ಕಾಗಿಯೇ ಮೀಸಲಿಟ್ಟು, ಕೋಚಿಂಗ್ ಶುಲ್ಕ ಕಟ್ಟಿ, ಹಾಸ್ಟೆಲಿನಲ್ಲಿದ್ದು ಓದಿಯೂ ಸೀಟು ದೊರೆಯದಿದ್ದಾಗ "ನಾನು ಚೆನ್ನಾಗಿ ಬರೆಯಲಿಲ್ಲ" ಎಂಬ ಬೇಸರವು "ನಾನೇ ಯೋಗ್ಯನಲ್ಲ" ಎಂಬ ನಾಚಿಕೆಯಾಗಿ ಮಾರ್ಪಡುತ್ತದೆ. ಬೇಸರವನ್ನು ಮನುಷ್ಯ ಇತರರೊಡನೆ ಹಂಚಿಕೊಳ್ಳುತ್ತಾನೆ, ನಾಚಿಕೆಯನ್ನು ಬಚ್ಚಿಡುತ್ತಾನೆ. ಎರಡನೆಯ ಬಾರಿಯ ಫಲಿತಾಂಶದ ನಂತರ ಮನೆಯಲ್ಲಿ ಗಮನಿಸಬೇಕಾದುದು ಮುಖ್ಯವಾಗಿ ಈ ಬಚ್ಚಿಡುವಿಕೆಯನ್ನು.

ಇನ್ನೊಂದು ವಿಷಯವೂ ಇದೆ. ಒಂದು ವರ್ಷ ಮನೆಯಲ್ಲಿ ಕುಳಿತು ಓದಿದ ಅಭ್ಯರ್ಥಿಗೆ ಯಾವ ಕಾಲೇಜಿನ ಗುರುತಿನ ಚೀಟಿಯೂ ಇರುವುದಿಲ್ಲ, ವಿದ್ಯಾರ್ಥಿ ಬಸ್ ಪಾಸೂ ಇರುವುದಿಲ್ಲ. ಜೊತೆಯವರು ಪದವಿಯ ಎರಡನೆಯ ವರ್ಷಕ್ಕೆ ಕಾಲಿಟ್ಟಿರುತ್ತಾರೆ. ಮದುವೆ ಮನೆಯಲ್ಲಿ "ಈಗ ಏನು ಓದುತ್ತಿದ್ದೀಯ?" ಎಂದು ಯಾರಾದರೂ ಕೇಳಿದರೆ ಹೇಳಲು ಉತ್ತರವಿರುವುದಿಲ್ಲ. ಆದ್ದರಿಂದಲೇ ಇಂತಹ ಮಕ್ಕಳು ಸಮಾರಂಭಗಳನ್ನು ತಪ್ಪಿಸಿಕೊಳ್ಳುವುದು, ಗೆಳೆಯರ ವಾಟ್ಸಾಪ್ ಗುಂಪಿನಿಂದ ಹೊರಬರುವುದು, ಪ್ರಮಾಣಪತ್ರಕ್ಕಾಗಿ ಕಚೇರಿಗೆ ತಾವು ಬಾರದೆ ತಂದೆಯನ್ನು ಕಳುಹಿಸುವುದು ಕಂಡುಬರುತ್ತದೆ.

ಅಂಕಪಟ್ಟಿಯನ್ನು ಓದುವ ಬಗೆ

ಸೀಟು ದೊರೆಯದಿದ್ದರೆ "ಫೇಲಾದ" ಎನ್ನುವುದು ರೂಢಿ. ಆದರೆ ಈ ಪರೀಕ್ಷೆಯಲ್ಲಿ ಅರ್ಹತೆ ಬೇರೆ, ಸೀಟು ಬೇರೆ. ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರೆ ಹಿಂದುಳಿದ ವರ್ಗಗಳಿಗೆ 40ನೆಯ ಪರ್ಸೆಂಟೈಲ್ ಪಡೆದವರನ್ನು ಅರ್ಹರೆಂದು ಪರಿಗಣಿಸಲಾಗುತ್ತದೆ. 2025ರಲ್ಲಿ ಸುಮಾರು 22 ಲಕ್ಷ ಮಂದಿ ಪರೀಕ್ಷೆ ಬರೆದು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1.2 ಲಕ್ಷ ಮಾತ್ರ. ಅಂದರೆ ಅರ್ಹರಾದವರಲ್ಲಿಯೇ ಹತ್ತರಲ್ಲಿ ಒಂಬತ್ತು ಮಂದಿಗೆ ಸೀಟು ಇರುವುದೇ ಇಲ್ಲ.

ಉದಾಹರಣೆಗೆ, ಅರಸೀಕೆರೆ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಆಕೆಗೆ 2024ರಲ್ಲಿ 720ಕ್ಕೆ 498 ಅಂಕ, 2025ರಲ್ಲಿ 431 ಅಂಕ ಬಂದಿವೆ. ತಂದೆಯ ಕಣ್ಣಿಗೆ ಬೀಳುವುದು 67 ಅಂಕಗಳ ಕುಸಿತ. ಸಾಲ ಮಾಡಿ ಓದಿಸಿದ ವರ್ಷದಲ್ಲಿಯೇ ಅಂಕ ಇಳಿಯಿತಲ್ಲ ಎಂದು ಅವರು ಒಮ್ಮೆ ಅಂದರು. ಆಕೆ ಮರುಮಾತನಾಡಲಿಲ್ಲ. ಆದರೆ 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿ 720ಕ್ಕೆ 720 ಪಡೆದಿದ್ದರೆ, 2025ರ ಕಠಿಣ ಪ್ರಶ್ನೆಪತ್ರಿಕೆಯಲ್ಲಿ ಅತಿ ಹೆಚ್ಚಿನ ಅಂಕವೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿದಿತ್ತು. ಹೀಗಾಗಿ ಅಂಕ ಇಳಿದರೂ ಆಕೆಯ ಅಖಿಲ ಭಾರತ ರ‍್ಯಾಂಕ್ ಹಿಂದಿನ ವರ್ಷಕ್ಕಿಂತ ಮೇಲೇರಿತ್ತು. ಸರ್ಕಾರಿ ಎಂ.ಬಿ.ಬಿ.ಎಸ್. ಸೀಟಿಗೆ ಅದು ಸಾಲಲಿಲ್ಲ ಎಂಬುದು ನಿಜ. ಆದರೆ ಒಂದು ವರ್ಷದ ಶ್ರಮ ವ್ಯರ್ಥವಾಯಿತೆಂಬುದು ನಿಜವಲ್ಲ. ಎರಡು ವರ್ಷಗಳ ಅಂಕಗಳನ್ನು ನೇರವಾಗಿ ಹೋಲಿಸಬಾರದು, ರ‍್ಯಾಂಕನ್ನು ಹೋಲಿಸಬೇಕು.

ನಾಚಿಕೆಯಿಂದ ಆಗುವ ನಷ್ಟ ಇದರ ನಂತರ ಬರುತ್ತದೆ. ಇದೇ ಅಂಕಗಳ ಆಧಾರದ ಮೇಲೆ ದಂತ ವೈದ್ಯಕೀಯ, ಆಯುರ್ವೇದ ಮತ್ತು ಹೋಮಿಯೋಪತಿ ಸೀಟುಗಳೂ ಹಂಚಿಕೆಯಾಗುತ್ತವೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ನಿಗದಿತ ದಿನಾಂಕದೊಳಗೆ ನೋಂದಾಯಿಸಿಕೊಂಡು, ದಾಖಲೆ ಪರಿಶೀಲನೆ ಮಾಡಿಸಿ, ಇಚ್ಛೆಗಳನ್ನು ದಾಖಲಿಸಬೇಕು. ಮೇಲಿನ ಉದಾಹರಣೆಯ ವಿದ್ಯಾರ್ಥಿನಿ ಪ್ರಾಧಿಕಾರದ ಜಾಲತಾಣವನ್ನು ತೆರೆಯುವುದನ್ನೇ ಬಿಟ್ಟುಬಿಟ್ಟಳು. ದಿನಾಂಕ ಕಳೆದ ಮೇಲೆ ಮನೆಯವರಿಗೆ ತಿಳಿಯಿತು. ಸೋಮಾರಿತನವೆಂದು ಅವರು ಭಾವಿಸಿದ್ದು ವಾಸ್ತವದಲ್ಲಿ ತನ್ನ ಹೆಸರು ಮತ್ತು ಅಂಕವನ್ನು ಮತ್ತೊಮ್ಮೆ ನೋಡಲಾಗದ ಸ್ಥಿತಿ. ಇಂತಹ ಸಂದರ್ಭದಲ್ಲಿ ಪೋಷಕರು ಅಭ್ಯರ್ಥಿಯ ಒಪ್ಪಿಗೆ ಪಡೆದು, ಪಕ್ಕದಲ್ಲಿ ಕುಳಿತು ನೋಂದಣಿ ಮಾಡಿಸುವುದು ಉತ್ತಮ. ನೋಂದಾಯಿಸಿದ ಮಾತ್ರಕ್ಕೆ ಆ ಕೋರ್ಸಿಗೆ ಸೇರಲೇಬೇಕೆಂದಿಲ್ಲ, ಆದರೆ ಯಾವ ಸುತ್ತಿನ ನಂತರ ಸೀಟು ಬಿಟ್ಟರೆ ದಂಡವಿದೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಓದಿಕೊಳ್ಳಬೇಕು.

ಮೂರನೆಯ ಬಾರಿ ಬರೆಯಬೇಕೇ ಎಂಬ ತೀರ್ಮಾನವನ್ನು ಫಲಿತಾಂಶದ ವಾರದಲ್ಲಿಯೇ ಕೈಗೊಳ್ಳುವುದು ಸೂಕ್ತವಲ್ಲ. ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದ್ದು, ಅವಸರಕ್ಕೆ ನಿಯಮದಲ್ಲಿ ಕಾರಣವಿಲ್ಲ. "ಇನ್ನೊಂದು ವರ್ಷ ಓದುತ್ತೇನೆ" ಎಂಬ ಮಾತು ಕೆಲವೊಮ್ಮೆ ಆಸೆಯಿಂದ ಬರುತ್ತದೆ, ಕೆಲವೊಮ್ಮೆ ತಂದೆತಾಯಿಯ ಮುಖ ನೋಡಲಾಗದೆ ಬರುತ್ತದೆ. ಎರಡನೆಯದಾದರೆ ಆ ವರ್ಷ ಓದು ಸಾಗುವುದು ಕಷ್ಟ.

ಬೇಸರವೋ, ಖಿನ್ನತೆಯೋ

ಕೆಲವು ದಿನ ಊಟ ಸೇರದಿರುವುದು, ಅಳು, ಕೋಪ ಇವು ಸಹಜ. ಆದರೆ ದಿನದ ಬಹುಭಾಗ ಮಂಕಾಗಿರುವುದು, ಮೊದಲು ಇಷ್ಟವಾಗಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮುಂದುವರಿದು, ಜೊತೆಗೆ ನಿದ್ರೆ ಕೆಟ್ಟರೆ ವೈದ್ಯರನ್ನು ಕಾಣಬೇಕು. ಎರಡು ವಾರ ಕಾಯಬಾರದ ಲಕ್ಷಣಗಳೂ ಇವೆ. "ನಾನು ನಿಮಗೆ ಭಾರ", "ನಾನಿಲ್ಲದಿದ್ದರೆ ನಿಮ್ಮ ಸಾಲವಾದರೂ ತೀರುತ್ತಿತ್ತು" ಎಂಬ ಮಾತು, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, ಬಹುದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾಗುವುದು ಕಂಡರೆ ಅಂದೇ ಮಾತನಾಡಬೇಕು.

ಮಾತನಾಡುವುದೆಂದರೆ ನೇರವಾಗಿ ಕೇಳುವುದು: "ಸಾಯಬೇಕು ಅಂತ ಅನಿಸುತ್ತಿದೆಯೇ, ಮಗಳೇ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕ ತಾಯಂದಿರಲ್ಲಿದೆ. ಅದು ತಪ್ಪು ತಿಳಿವಳಿಕೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಬಚ್ಚಿಟ್ಟದ್ದನ್ನು ಹೇಳಲು ದಾರಿಯಾಗುತ್ತದೆ. ಹೌದೆಂಬ ಉತ್ತರ ಬಂದರೆ ಬುದ್ಧಿವಾದ ಹೇಳತೊಡಗದೆ ಕೇಳಿಸಿಕೊಳ್ಳಬೇಕು, ಒಬ್ಬರನ್ನೇ ಬಿಡಬಾರದು, ಮನೆಯಲ್ಲಿರುವ ಕೀಟನಾಶಕ ಹಾಗೂ ಮಾತ್ರೆಗಳನ್ನು ಬೀಗ ಹಾಕಿಡಬೇಕು ಅಥವಾ ಬೇರೆ ಮನೆಗೆ ಸಾಗಿಸಬೇಕು. ತಕ್ಷಣದ ಅಪಾಯವಿದ್ದಲ್ಲಿ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಸಹಾಯ ಪಡೆಯುವ ವಿಧಾನ

ಕೇಂದ್ರ ಸರ್ಕಾರದ ಟೆಲಿ ಮಾನಸ್ ದೂರವಾಣಿ ಸೇವೆಯನ್ನು 2022ರ ಅಕ್ಟೋಬರ್ 10ರಂದು ಪ್ರಾರಂಭಿಸಲಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ರಾಷ್ಟ್ರೀಯ ಉನ್ನತ ಕೇಂದ್ರವಾಗಿದೆ. 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಿಯಾದರೂ ಉಚಿತವಾಗಿ ಕರೆ ಮಾಡಿ ಕನ್ನಡವನ್ನು ಆಯ್ದುಕೊಳ್ಳಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ, ಅಗತ್ಯವಿದ್ದಲ್ಲಿ ಮನೋವೈದ್ಯಕೀಯ ತಜ್ಞರಿಗೆ ಕರೆಯನ್ನು ವರ್ಗಾಯಿಸುತ್ತಾರೆ ಅಥವಾ ಸಮೀಪದ ಆಸ್ಪತ್ರೆಯನ್ನು ಸೂಚಿಸುತ್ತಾರೆ. ಅಭ್ಯರ್ಥಿ ಮಾತನಾಡಲು ಒಪ್ಪದಿದ್ದರೆ ಪೋಷಕರೇ ಕರೆ ಮಾಡಿ ಸಲಹೆ ಪಡೆಯಬಹುದು.

ಚಿಕಿತ್ಸೆ ಪಡೆದರೆ ಮುಂದೆ ವೈದ್ಯಕೀಯ ಪ್ರವೇಶಕ್ಕೆ ಅಡ್ಡಿಯಾದೀತು, ಪೊಲೀಸರು ಬಂದಾರು ಎಂದು ಹಿಂಜರಿಯುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮಿನಡಿ ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ವಿರುದ್ಧವಾದುದು ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲವೆಂದು 115ನೆಯ ಕಲಮು ತಿಳಿಸುತ್ತದೆ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗುವಾಗ ಹಳೆಯ ಚಿಕಿತ್ಸಾ ಚೀಟಿಗಳಿದ್ದರೆ ಕೊಂಡೊಯ್ಯಿರಿ. ವೈದ್ಯರು ಅಭ್ಯರ್ಥಿಯೊಡನೆ ಪ್ರತ್ಯೇಕವಾಗಿ ಮಾತನಾಡಲು ಬಯಸಿದಲ್ಲಿ ಪೋಷಕರು ಹೊರಗೆ ಕಾಯಲು ಸಿದ್ಧರಿರಬೇಕು. ಅಂಕಪಟ್ಟಿಯನ್ನು ಕೊಂಡೊಯ್ಯುವ ಅಗತ್ಯವಿಲ್ಲ.