ಅರ್ನೊಲ್ಫಿನಿ ದಂಪತಿ: ಮೂರು ಹಂತದ ಓದು

ಯಾನ್ ವಾನ್ ಐಕ್, 1434. ಓಕ್ ಹಲಗೆಯ ಮೇಲೆ ತೈಲವರ್ಣ. ನ್ಯಾಷನಲ್ ಗ್ಯಾಲರಿ, ಲಂಡನ್.

ಮೊದಲು ಕಣ್ಣಿಗೆ ಕಂಡದ್ದನ್ನಷ್ಟೇ ಗುರುತಿಸಿ: ಕೈಹಿಡಿದ ಗಂಡು ಹೆಣ್ಣು, ಹಗಲಲ್ಲೇ ಉರಿಯುವ ಒಂಟಿ ಮೇಣದಬತ್ತಿ, ಕಳಚಿಟ್ಟ ಪಾದರಕ್ಷೆ, ನಾಯಿ.

ಎರಡನೆಯ ಹಂತಕ್ಕೆ ಆ ಕಾಲದ ಗ್ರಂಥ, ಆಚರಣೆಗಳ ತಿಳಿವಳಿಕೆ ಬೇಕು. ಕಲಾ ಇತಿಹಾಸಕಾರ ಎರ್ವಿನ್ ಪನೋಫ್ಸ್ಕಿ 1934ರಲ್ಲಿ ಇದನ್ನು ಮದುವೆಯ ಪ್ರತಿಜ್ಞೆ ಎಂದು ಓದಿದರು. ನಾಯಿ ನಿಷ್ಠೆಯ ಗುರುತು. ಬತ್ತಿ ಎಲ್ಲವನ್ನೂ ಕಾಣುವ ದೇವರದು. ಚಿತ್ರದೊಳಗಿನ ಕನ್ನಡಿಯ ಮೇಲ್ಗಡೆ ಕಲಾವಿದ ತಾನಿಲ್ಲಿದ್ದೆನೆಂದು ಬರೆದದ್ದು ಸಾಕ್ಷಿಯ ರುಜುವಿನಂತೆ ಅವರಿಗೆ ಕಂಡಿತು.

ಮೂರನೆಯದು ಕಾಲದ ಮನೋಧರ್ಮ: ದಿನಬಳಕೆಯ ವಸ್ತುವಿನಲ್ಲೇ ದೈವವನ್ನು ಕಾಣುವ ಭಕ್ತಿ. ಇದೇ ಅತ್ಯಂತ ಆಳದ ಹಂತ, ಎಡವುವ ಜಾಗವೂ ಹೌದು. ಎರಡನೆಯದು ಅಲುಗಿದರೆ ಇದೂ ಅಲುಗುತ್ತದೆ. ಚಿತ್ರದಲ್ಲಿರುವವರೆಂದು ಪನೋಫ್ಸ್ಕಿ ಹೆಸರಿಸಿದ ಜೋಡಿಯ ಮದುವೆ 1447ರದ್ದೆಂದು ಮುಂದೆ ದಾಖಲೆ ಸಿಕ್ಕಿತು. ವಾನ್ ಐಕ್ ತೀರಿಕೊಂಡದ್ದು 1441ರಲ್ಲಿ.