ಪ್ರಾಂಪ್ಟ್‌ನಲ್ಲಿ ಮಾನದಂಡಗಳ ಕ್ರಮ

ಬರಹವೊಂದನ್ನು ದೊಡ್ಡ ಭಾಷಾ ಮಾದರಿಯಿಂದ ಮೌಲ್ಯಮಾಪನ ಮಾಡಿಸುವಾಗ ಅದಕ್ಕೆ ನೀಡುವ ಲಿಖಿತ ಸೂಚನೆಯನ್ನು ಪ್ರಾಂಪ್ಟ್ ಎನ್ನುತ್ತಾರೆ. ಪ್ರಾಂಪ್ಟ್‌ನಲ್ಲಿ ಮಾನದಂಡಗಳನ್ನು ಬರೆದಿರುವ ಅನುಕ್ರಮವು ಮಾದರಿ ನೀಡುವ ಅಂಕಗಳ ಮೇಲೆ ಪರಿಣಾಮ ಬೀರಬಲ್ಲದು. ಎಲ್ಲ ಮಾನದಂಡಗಳಿಗೂ ಸಮಾನ ಅಂಕಗಳಿದ್ದರೂ ಪಟ್ಟಿಯ ಕೊನೆಯವು ಕೆಲವೊಮ್ಮೆ ಮೇಲ್ನೋಟದ ಪರಿಶೀಲನೆಗಷ್ಟೇ ಒಳಗಾಗುತ್ತವೆ.

## ಕಾರಣಗಳು

ಭಾಷಾ ಮಾದರಿಯು ಪ್ರತಿ ಪದವನ್ನು ರಚಿಸುವಾಗ ಹಿಂದಿನ ಪದಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಗಮನ ನೀಡುತ್ತದೆ. ಈ ಪ್ರಮಾಣಗಳ ಒಟ್ಟು ಮೊತ್ತ ಸಾಮಾನ್ಯವಾಗಿ 1 ಆಗಿರುವುದರಿಂದ, ಪಠ್ಯ ಬೆಳೆದಂತೆಲ್ಲ ಗಮನ ಹಂಚಿಹೋಗುತ್ತದೆ. ನೆಲ್ಸನ್ ಲಿಯು ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ‘ಲಾಸ್ಟ್ ಇನ್ ದ ಮಿಡಲ್’ ಎಂಬ ಪ್ರಬಂಧವು, ದೀರ್ಘ ಪಠ್ಯದ ಆರಂಭ ಮತ್ತು ಅಂತ್ಯದಲ್ಲಿರುವ ಮಾಹಿತಿಯನ್ನು ಮಾದರಿಗಳು ಚೆನ್ನಾಗಿ ಬಳಸುತ್ತವೆ, ನಡುವಿನದನ್ನು ಹೆಚ್ಚಾಗಿ ಕಡೆಗಣಿಸುತ್ತವೆ ಎಂದು ತೋರಿಸಿತು.

ಹಾಗಿದ್ದರೆ ಕೊನೆಯ ಮಾನದಂಡಕ್ಕೆ ಅನುಕೂಲವಾಗಬೇಕಿತ್ತಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಆದರೆ ಪಟ್ಟಿಯ ಕೊನೆಯೇ ಪ್ರಾಂಪ್ಟ್‌ನ ಕೊನೆಯಲ್ಲ. ಸಾಮಾನ್ಯವಾಗಿ ಮಾನದಂಡಗಳ ನಂತರ ಮೌಲ್ಯಮಾಪನಕ್ಕೊಳಗಾಗುವ ದೀರ್ಘ ಬರಹ ಬರುತ್ತದೆ. ಆಗ ಕೊನೆಯ ಮಾನದಂಡವು ಇಡೀ ಪಠ್ಯದ ಒಳಭಾಗಕ್ಕೆ ಸರಿಯುತ್ತದೆ.

ಎರಡನೆಯ ಕಾರಣ ಉತ್ತರದಲ್ಲಿದೆ. ಮಾದರಿಯು ಅಂಕಗಳನ್ನು ಒಂದಾದ ಮೇಲೊಂದರಂತೆ ಬರೆಯುತ್ತದೆ ಮತ್ತು ತಾನು ಬರೆದದ್ದನ್ನೂ ಮುಂದಿನ ಪದಗಳಿಗೆ ಆಧಾರವಾಗಿಸಿಕೊಳ್ಳುತ್ತದೆ. ಮೊದಲ ನಾಲ್ಕು ಮಾನದಂಡಗಳಿಗೆ ಉತ್ತಮ ಅಂಕ ಬರೆದಿದ್ದರೆ, ಐದನೆಯದೂ ಅದೇ ಜಾಡಿನಲ್ಲಿ ಸಾಗುವ ಸಂಭವ ಹೆಚ್ಚು.

## ಉದಾಹರಣೆ

ವಿದ್ಯಾರ್ಥಿಯ ಪ್ರಬಂಧವನ್ನು ವಿಷಯ, ನಿರೂಪಣೆ, ಭಾಷಾಶುದ್ಧಿ, ತರ್ಕ, ಆಕರಗಳ ಉಲ್ಲೇಖ ಎಂಬ ಐದು ಮಾನದಂಡಗಳಿಂದ ಅಳೆಯಬೇಕಾಗಿದೆ ಎಂದುಕೊಳ್ಳೋಣ. ಪ್ರಬಂಧ ಸೊಗಸಾಗಿದೆ, ಆದರೆ ಒಂದೂ ಆಕರವನ್ನು ಹೆಸರಿಸಿಲ್ಲ. ಐದನೆಯ ಮಾನದಂಡಕ್ಕೆ ‘ಉಲ್ಲೇಖಗಳು ತೃಪ್ತಿಕರವಾಗಿವೆ’ ಎಂಬ ಸಾಮಾನ್ಯ ಮಾತು ಬಂದು, ಅದನ್ನೇ ಮೊದಲ ಸ್ಥಾನಕ್ಕೆ ತಂದಾಗ ‘ಆಕರಗಳಿಲ್ಲ’ ಎಂಬ ಉತ್ತರ ಬಂದರೆ, ದೋಷ ಇರುವುದು ಕ್ರಮದಲ್ಲಿ. ಆದರೆ ಒಂದೇ ಪ್ರಾಂಪ್ಟ್‌ಗೂ ಉತ್ತರ ಪ್ರತಿ ಬಾರಿ ಬದಲಾಗಬಹುದಾದ್ದರಿಂದ, ಪ್ರತಿ ಕ್ರಮವನ್ನೂ ಹಲವು ಸಲ ಪರೀಕ್ಷಿಸಿದ ಬಳಿಕವೇ ಈ ತೀರ್ಮಾನಕ್ಕೆ ಬರಬೇಕು. ಬರಹದ ಯಾವ ವಾಕ್ಯವನ್ನೂ ಸೂಚಿಸದ, ಎಲ್ಲ ಪ್ರಬಂಧಗಳಿಗೂ ಹೊಂದುವ ಟಿಪ್ಪಣಿಯು ಮೇಲ್ನೋಟದ ಪರಿಶೀಲನೆಯ ಲಕ್ಷಣ.

## ಪರಿಹಾರ ಮತ್ತು ಮಿತಿಗಳು

ಪ್ರತಿ ಮಾನದಂಡವನ್ನೂ ಪ್ರತ್ಯೇಕ ಪ್ರಾಂಪ್ಟ್‌ನಲ್ಲಿ ಕೇಳುವುದು ಹೆಚ್ಚು ಖಚಿತವಾದ ವಿಧಾನ. ಆದರೆ ಐದು ಮಾನದಂಡಗಳಿಗೆ ಐದು ಬಾರಿ ಬರಹವನ್ನು ಓದಿಸಬೇಕಾಗುವುದರಿಂದ ವೆಚ್ಚ ಹೆಚ್ಚುತ್ತದೆ. ಬರಹದ ನಂತರ ಪಟ್ಟಿಯನ್ನು ಪುನಃ ಬರೆಯುವುದು, ಅಂಕಕ್ಕೆ ಮುನ್ನ ಆಧಾರವಾದ ವಾಕ್ಯವನ್ನು ಉದ್ಧರಿಸುವಂತೆ ಸೂಚಿಸುವುದು ಕಡಿಮೆ ವೆಚ್ಚದ ಮಾರ್ಗಗಳು. ಕ್ರಮವನ್ನು ಬದಲಿಸುತ್ತ ಸರಾಸರಿ ತೆಗೆದರೆ ಪಕ್ಷಪಾತವು ಎಲ್ಲ ಮಾನದಂಡಗಳಿಗೂ ಹಂಚಿಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಪರಿಣಾಮದ ತೀವ್ರತೆಯು ಮಾದರಿಯಿಂದ ಮಾದರಿಗೆ ಭಿನ್ನವಾಗಿದ್ದು, ಪಟ್ಟಿ ಮತ್ತು ಬರಹ ಚಿಕ್ಕದಾಗಿದ್ದಾಗ ಗಮನಕ್ಕೆ ಬಾರದಷ್ಟು ಅಲ್ಪವಾಗಿರಬಹುದು.